ಮೆಟ್ಟಿಲ ತಿರುವಿನ ಬೆಂಚು

ಅವಳು ಬೆಳೆದದ್ದೇ ಮೆಟ್ಟಿಲ ಕೆಳಗೆ. ಅಪ್ಪ ಬಡಗಿ. ಹತ್ತಾರು ಸಂಸಾರಗಳಿದ್ದ ಒಂದು ಹಳೆಯ ಕಟ್ಟಡದಲ್ಲಿ ಬಾಗಿಲು, ಕಿಟಕಿ ರಿಪೇರಿ ನೋಡಿಕೊಳ್ಳುತ್ತಿದ್ದ. ಅದಕ್ಕೆ ಬದಲಾಗಿ ಕಟ್ಟಡದ ಯಜಮಾನ ಮೆಟ್ಟಿಲ ಅಡಿಯ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟಿದ್ದ. ಕೋಣೆ ಎನ್ನುವುದು ಮರ್ಯಾದೆಯ ಮಾತು. ಬಾಗಿಲ ಬಳಿ ಅಪ್ಪ ನೆಟ್ಟಗೆ ನಿಲ್ಲಬಹುದಿತ್ತು, ನಡುವೆ ಅಮ್ಮ ಬಗ್ಗಬೇಕಿತ್ತು, ಆ ತುದಿಗೆ ಹೋದರೆ ಮಗಳು ಕೂಡ ಮಲಗಿಯೇ ಇರಬೇಕಿತ್ತು. ಮಲಗಿದಲ್ಲಿಂದಲೇ ಅವಳು ಹೆಜ್ಜೆ ಸಪ್ಪಳ ಕೇಳಿ ಯಾರು ಮೇಲೆ ಹೋದರು, ಯಾರು ಸಿಟ್ಟಿನಲ್ಲಿ ಇಳಿದರು ಎಂದು ಹೇಳಿಬಿಡುತ್ತಿದ್ದಳು.

ಅಪ್ಪ ಆ ಮೂರು ಮೂಲೆಯ ಜಾಗದಲ್ಲೇ ಒಂದು ಸಂಸಾರ ಹಿಡಿಸಿದ. ಕೈ ಹೋಗದಷ್ಟು ಇಕ್ಕಟ್ಟಾದ ತುದಿಗೆ ಚಕ್ರ ಹಾಕಿದ ಉದ್ದನೆಯ ಡ್ರಾಯರ್ ಮಾಡಿದ. ಎಳೆದರೆ ಅಕ್ಕಿ, ಬೇಳೆ, ಹಳೆ ಬಟ್ಟೆ ಎಲ್ಲ ತಾವಾಗಿ ಬೆಳಕಿಗೆ ಬರುತ್ತಿದ್ದವು. ತಟ್ಟೆ ಲೋಟಗಳಿಗೆ ಮೆಟ್ಟಿಲ ಬೆನ್ನಿಗೆ ಅಂಟಿಕೊಂಡಂತೆ ಪುಟ್ಟ ಪುಟ್ಟ ಹಲಗೆಗಳು. ಅವನಿಗೆ ಗಂಡುಮಕ್ಕಳಿರಲಿಲ್ಲ. ಉಳಿ, ಗರಗಸ ಹಿಡಿಯುವುದು ಮಗಳಿಗೇ ಬಂತು.

ಮುಂದೆ ಅವಳು ಒಬ್ಬ ಪೇಂಟರನ್ನು ಮದುವೆಯಾದಳು. ಇವಳು ಮಾಡಿದ್ದಕ್ಕೆ ಅವನು ಪಾಲಿಶ್ ಹೊಡೆಯುವುದು, ಹೀಗೆ ಇಬ್ಬರೂ ಸೇರಿ ಒಂದು ಸಣ್ಣ ಮರಗೆಲಸದ ಅಂಗಡಿ ಇಟ್ಟರು. ಊರಿನಲ್ಲಿ ಮನೆಗಳು ದಿನೇ ದಿನೇ ಚಿಕ್ಕವಾಗುತ್ತಿದ್ದ ಕಾಲ ಅದು. ಸಾಮಾನು ಮಾತ್ರ ಚಿಕ್ಕದಾಗಲಿಲ್ಲ. ಬೇರೆ ಬಡಗಿಗಳು ಮೂಗು ಮುರಿದು ಬಿಟ್ಟುಹೋದ ಜಾಗಗಳೆಲ್ಲ ಇವಳ ಪಾಲಿಗೆ ಬಂದವು. ಮೆಟ್ಟಿಲ ಅಡಿ, ಕಂಬದ ಹಿಂದಿನ ಸಂದು, ಗೋಡೆ ಒಳಸರಿದ ಕಡೆ, ಎರಡು ಗೋಡೆ ಸೊಟ್ಟಗೆ ಕೂಡುವ ಮೂಲೆ. ಜನ ಅವಳನ್ನು ಮೂಲೆಯಕ್ಕ ಎಂದೇ ಕರೆದರು. ಗಂಡ ಗಿರಾಕಿಗಳ ಎದುರೇ ತಮಾಷೆ ಮಾಡುತ್ತಿದ್ದ: ಮನೆಯಲ್ಲಿ ತನಗೂ ಕೂರಲಿಕ್ಕೆ ಒಂದು ಮೂಲೆ ಇತ್ತು, ಮದುವೆಯಾದ ವರ್ಷವೇ ಅದಕ್ಕೂ ಕಪಾಟು ಬಿತ್ತು ಎಂದು.

ಅವಳ ಕೆಲಸಕ್ಕೆ ಅವಳದೇ ಕ್ರಮವಿತ್ತು. ಯಾವ ಗೋಡೆಯೂ ನೆಟ್ಟಗಿರುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡು, ರಟ್ಟು ಕತ್ತರಿಸಿ ಮೆಟ್ಟಿಲ ಓರೆಗೆ ಹಿಡಿದು ಅಚ್ಚು ತೆಗೆದುಕೊಳ್ಳುತ್ತಿದ್ದಳು. ಗೋಡೆಗೆ ತೇವವಿದ್ದರೆ ಹಲಗೆಯನ್ನು ಗೋಡೆಗೆ ತಾಗಿಸುತ್ತಿರಲಿಲ್ಲ. ಎತ್ತರದ ಕಡೆ ಪೊರಕೆ, ಏಣಿ, ಕೋಟು, ನಡುವೆ ಪಾತ್ರೆ, ತಗ್ಗಿನ ಕಡೆ ಚಪ್ಪಲಿ. ಮೆಟ್ಟಿಲ ಅಡಿಯಲ್ಲಿ ಕರೆಂಟಿನ ಮೀಟರ್ ಇದ್ದರೆ ಅದರ ಮುಂದೆ ಏನನ್ನೂ ಕಟ್ಟುತ್ತಿರಲಿಲ್ಲ. ಅಲ್ಲಿ ಗ್ಯಾಸ್ ಸಿಲಿಂಡರ್ ಇಡುತ್ತೇವೆ ಎಂದವರಿಗೆ, ಹಾಗಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಹೇಳಿ ಎದ್ದು ಬರುತ್ತಿದ್ದಳು. ಬೆಂಕಿ ಬಿದ್ದರೆ ಮೇಲಿನವರಿಗೆ ಇಳಿಯಲು ಇರುವುದು ಅದೊಂದೇ ದಾರಿ. ಇಷ್ಟೆಲ್ಲ ಯೋಚಿಸುವವಳು ಒಂದನ್ನು ಯೋಚಿಸಿರಲಿಲ್ಲ.

ಒಂದು ಸಲ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಅವಳನ್ನು ಮನೆಗೆ ಕರೆದಳು. ಎರಡು ಅಂತಸ್ತಿನ ಕಿರಿದಾದ ಮನೆ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಜೊತೆಗೆ ಗಂಡನ ತಾಯಿ, ಮತ್ತು ಒಬ್ಬಳೇ ಮಗಳು. ಆ ಹುಡುಗಿ ಒಂದು ಕಡೆ ನಿಂತಿದ್ದನ್ನು ಕಂಡವರಿಲ್ಲ. ಹಾಗಾಗಿ ಮನೆಯಲ್ಲಿ ಅವಳಿಗೆ ಮಿಂಚು ಎಂದು ಹೆಸರು. ಹೊಲಿಗೆ ಯಂತ್ರ ಮೇಲಿನ ಕೋಣೆಯಲ್ಲಿತ್ತು. ಬಟ್ಟೆ ಮಾತ್ರ ಕುರ್ಚಿ, ಮಂಚ, ಕಿಟಕಿ ಎನ್ನದೆ ಎಲ್ಲೆಲ್ಲೂ ಬಿದ್ದಿತ್ತು.

ಮೂಲೆಯಕ್ಕ ಮೆಟ್ಟಿಲ ಅಡಿಗೆ ಒಂದಕ್ಕಿಂತ ಒಂದು ಎತ್ತರವಾಗಿ ಡ್ರಾಯರ್‌ಗಳನ್ನು ಕೂರಿಸಿದಳು. ಇನ್ನು ಉಳಿದದ್ದು ಮೆಟ್ಟಿಲು ತಿರುಗುವಲ್ಲಿ, ಕಿಟಕಿಯ ಕೆಳಗೆ ಗೋಡೆ ಒಳಸರಿದು ಉಳಿದಿದ್ದ ಜಾಗ. ಅಲ್ಲಿ ಒಂದು ಬೆಂಚು ಆಗಲಿ, ಅಜ್ಜಿ ಮೆಟ್ಟಿಲು ಹತ್ತುವಾಗ ನಡುವೆ ಕೂತು ಸುಧಾರಿಸಿಕೊಳ್ಳುತ್ತಾರೆ, ಒಳಗೆ ಬಟ್ಟೆಯನ್ನೂ ಇಡಬಹುದು ಎಂದು ಸೊಸೆ ಬಯಸಿದಳು. ಮೂಲೆಯಕ್ಕ ಇಲ್ಲೂ ಡ್ರಾಯರನ್ನೇ ಹೇಳಿದಳು. ಎಳೆದರೆ ಮೆಟ್ಟಿಲ ದಾರಿಗೆ ಅಡ್ಡ ಬರುತ್ತದೆ, ಉದ್ದನೆಯ ಬಟ್ಟೆಯ ಸುರುಳಿಗಳನ್ನು ಮಡಚಿದರೆ ಗೆರೆ ಬೀಳುತ್ತದೆ ಎಂದು ಸೊಸೆ ಒಪ್ಪಲಿಲ್ಲ. ಮಾತಿನಲ್ಲಿ ಹುರುಳಿತ್ತು. ಕೊನೆಗೆ ಮೇಲಿನಿಂದ ಎತ್ತುವ ಮುಚ್ಚಳದ ಪೆಟ್ಟಿಗೆಯೇ ಆಯಿತು. ಮುಚ್ಚಳ ಯಾರ ಬೆರಳ ಮೇಲೂ ದಬಕ್ಕನೆ ಬೀಳದಿರಲೆಂದು ಎರಡೂ ಬದಿಗೆ ಮೆಲ್ಲಗೆ ಇಳಿಸುವ ಕಬ್ಬಿಣದ ಕೈಗಳನ್ನು ಹಾಕಿದಳು. ಮೇಲೆ ದಪ್ಪ ಸ್ಪಂಜಿನ ಮೆತ್ತೆ.

ಇಂಥ ಪೆಟ್ಟಿಗೆಗಳ ಹಿಂದಿನ ಹಲಗೆಗೆ ಅವಳು ಸಾಮಾನ್ಯವಾಗಿ ಬೆರಳು ಹೋಗುವಷ್ಟು ತೂತುಗಳನ್ನು ಕೊರೆಯುತ್ತಿದ್ದಳು, ಮುಗ್ಗಲು ವಾಸನೆ ಬಾರದಿರಲೆಂದು. ಹೊಲಿಗೆಯವಳು ತೂತು ಬೇಡವೆಂದಳು. ಹುಳ ಹೊಕ್ಕು ಒಂದು ಸುರುಳಿ ರೇಷ್ಮೆ ಹಾಳಾಗಿ ಗಿರಾಕಿಯಿಂದ ಬೈಸಿಕೊಂಡ ನೆನಪು ಅವಳಿಗೆ ಇನ್ನೂ ಹಸಿಯಾಗಿತ್ತು. ತೂತಿನ ಬದಲು ಮುಚ್ಚಳದ ಸುತ್ತ ರಬ್ಬರ್ ಪಟ್ಟಿ ಅಂಟಿಸಲು ಕೇಳಿದಳು. ಬಟ್ಟೆ ತಾನೆ, ಅದಕ್ಕೇನು ಗಾಳಿ ಎಂದುಕೊಂಡು ಮೂಲೆಯಕ್ಕ ಅಂಟಿಸಿದಳು. ಕೆಲಸ ಅಂದವಾಗಿ ಬಂದಿತ್ತು. ಅಜ್ಜಿ ಕೂತು ನೋಡಿ, ಸೊಸೆಯನ್ನು ಕೆಣಕುತ್ತ ಮೂಲೆಯಕ್ಕನಿಗೆ, ಈ ಮನೆಯಲ್ಲಿ ನನ್ನ ಮೊಣಕಾಲಿನ ಬಗ್ಗೆ ಯೋಚನೆ ಮಾಡಿದವಳು ನೀನೊಬ್ಬಳೇ ಎಂದರು. ಸೊಸೆಯೂ ನಕ್ಕಳು.

ಕೆಲವು ತಿಂಗಳು ಕಳೆದ ಮೇಲೆ, ಮಿಂಚು ಮುಚ್ಚಳವೆತ್ತಿ ಬಟ್ಟೆ ಎಳೆದಾಡುವುದನ್ನು ನೋಡಿ ನೋಡಿ ಸಾಕಾಗಿ, ಅವಳ ಅಪ್ಪ ಅದಕ್ಕೊಂದು ಚಿಲಕ ಹಾಕಿದ. ಮುಚ್ಚಳ ಕೂತೊಡನೆ ತಾನಾಗಿ ಟಕ್ ಎಂದು ಬೀಳುವ ಚಿಲಕ. ಹೊರಬದಿಯ ಗುಂಡಿ ಒತ್ತಿದರೆ ಮಾತ್ರ ಬಿಡುವಂಥದು. ಮಗುವಿನ ಕೈ ಸಿಕ್ಕಿಕೊಳ್ಳದಿರಲಿ ಎಂಬುದೂ ಅವನ ಮನಸ್ಸಿನಲ್ಲಿತ್ತು. ಆ ಗುಂಡಿ ಒತ್ತುವುದನ್ನು ಮಿಂಚು ನೋಡಿ ನೋಡಿ ಕಲಿತದ್ದು ಅವನಿಗೆ ತಿಳಿಯಲಿಲ್ಲ. ಚಿಲಕದ ವಿಷಯ ಮೂಲೆಯಕ್ಕನಿಗೆ ಗೊತ್ತಾಗಲು ಕಾರಣವೇ ಇರಲಿಲ್ಲ.

ಒಂದು ಮಧ್ಯಾಹ್ನ ಅವಳು ಎರಡು ಬೀದಿ ಆಚೆ ಒಂದು ಮನೆಯಲ್ಲಿ ಅಳತೆ ತೆಗೆಯುತ್ತಿದ್ದಳು. ಹೊಲಿಗೆಯವಳ ಮಗಳು ಕಾಣುತ್ತಿಲ್ಲ ಎಂದು ಯಾರೋ ಹೊರಗೆ ಕೂಗಿ ಹೇಳಿದ್ದು ಕೇಳಿತು. ಟೇಪನ್ನು ಅಲ್ಲೇ ಬಿಟ್ಟು ಹೊರಟಳು.

ಮನೆಯ ಮುಂದೆ ಜನ ಸೇರಿದ್ದರು. ಅವರಿವರ ಬಾಯಿಂದ ವಿಷಯ ತಿಳಿಯಿತು. ಮಿಂಚು ಅಜ್ಜಿಯ ಜೊತೆ ಕಣ್ಣಾಮುಚ್ಚಾಲೆ ಆಡುತ್ತಿದ್ದಳು. ಕಣ್ಣು ಮುಚ್ಚಿಕೊಂಡ ಅಜ್ಜಿಗೆ ಹಾಗೇ ಜೋಂಪು ಹತ್ತಿತು. ತಾಯಿ ಮೇಲೆ ಯಂತ್ರದ ಮುಂದಿದ್ದಳು, ಶಾಲೆಯೊಂದರ ಸಮವಸ್ತ್ರ ಹೊಲಿಯುವ ದೊಡ್ಡ ಕೆಲಸ ಬಂದಿತ್ತು. ಅಜ್ಜಿ ಎಚ್ಚರಾಗಿ ಹುಡುಕಿದರೆ ಹುಡುಗಿಯಿಲ್ಲ. ತಾರಸಿ ಆಯಿತು, ನೀರಿನ ತೊಟ್ಟಿ ಆಯಿತು, ಅಕ್ಕಪಕ್ಕದ ಮನೆಗಳಾದವು. ಈಗ ಕೆಲವರು ಬಸ್ ನಿಲ್ದಾಣದ ಕಡೆ ಹೋಗಿದ್ದರು, ಅಪ್ಪ ಪೊಲೀಸರನ್ನು ಕರೆಯಲು ಹೋಗಿದ್ದ.

ಮೂಲೆಯಕ್ಕ ಒಳಗೆ ಹೋದಳು. ಆ ಮನೆಯಲ್ಲಿ ಮಗುವೊಂದು ಹಿಡಿಸುವ ಜಾಗಗಳು ಎಷ್ಟೆಂದು ಅವಳಿಗೆ ಗೊತ್ತಿತ್ತು. ಮೆಟ್ಟಿಲ ಅಡಿಯ ಡ್ರಾಯರ್‌ಗಳನ್ನು ಎಳೆದು ನೋಡಿದಳು, ಹಿಂದೆ ಉಳಿದಿದ್ದ ಸಂದಿಗೆ ಕೈ ಹಾಕಿದಳು. ಆಮೇಲೆ ತಲೆಯೆತ್ತಿದಳು. ಮೆಟ್ಟಿಲ ತಿರುವಿನ ಬೆಂಚಿನ ಮೇಲೆ ಅಜ್ಜಿ ಕೂತಿದ್ದರು. ನಿಲ್ಲಲು ಆಗುತ್ತಿಲ್ಲವೆಂದು ಪಕ್ಕದ ಮನೆಯವರೇ ಅವರನ್ನು ಅಲ್ಲಿ ಕೂರಿಸಿ ನೀರು ಕುಡಿಸಿದ್ದರು. ಅವರ ಪಕ್ಕದಲ್ಲಿ ಇನ್ನೊಬ್ಬ ಹೆಂಗಸು ಬೆನ್ನು ಸವರುತ್ತ ಕೂತಿದ್ದಳು.

ಮೂಲೆಯಕ್ಕ ಡ್ರಾಯರನ್ನು ಹಾಗೇ ಬಿಟ್ಟು ಎದ್ದಳು. ಮೆಟ್ಟಿಲು ಹತ್ತುತ್ತಲೇ, ಬೆಂಚಿನ ಪಕ್ಕ ನಿಂತಿದ್ದ ತಾಯಿಯನ್ನು ಕೇಳಿದಳು:

"ಪೆಟ್ಟಿಗೆ ಒಳಗೆ ಬಟ್ಟೆ ಇದೆಯಾ?"

"ಇಲ್ಲ, ಎಲ್ಲ ಮೇಲೆ ತಗೊಂಡು ಹೋಗಿದ್ದೀನಿ. ಖಾಲಿ ಇದೆ."

"ಅಜ್ಜಿ, ಏಳಿ," ಎಂದಳು ಮೂಲೆಯಕ್ಕ.

ಅಜ್ಜಿ ಏಳಲಿಲ್ಲ. ಎಲ್ಲಿಗೆ ಏಳಬೇಕು, ಯಾಕೆ ಏಳಬೇಕು ಎಂದು ಮುಖ ನೋಡಿದರು. ಅವಳು ಅವರ ಎರಡೂ ರಟ್ಟೆ ಹಿಡಿದು ಎಬ್ಬಿಸಿದಳು. ಮುಚ್ಚಳ ಎತ್ತಿದರೆ ಬರಲಿಲ್ಲ. ತಾನೇ ಮಾಡಿದ ಮುಚ್ಚಳ ತನ್ನ ಕೈಗೇ ಬಾರದ್ದು ಕಂಡು ತಬ್ಬಿಬ್ಬಾದಳು. ಆಗ ತಾಯಿ ಕೈ ಚಾಚಿ ಗುಂಡಿ ಒತ್ತಿದಳು.

ಮಿಂಚು ಮಗ್ಗುಲಾಗಿ, ಮೊಣಕಾಲು ಮಡಚಿ, ಒಂದು ಕೈಯನ್ನು ಮುಚ್ಚಳದ ಕಡೆಗೆ ಎತ್ತಿ ಮಲಗಿದ್ದಳು. ಮೂಲೆಯಕ್ಕ ಎತ್ತಿಕೊಂಡಾಗ ಮೈ ಇನ್ನೂ ಬೆಚ್ಚಗಿತ್ತು. ಆ ಬಿಸಿ ನಂಬಿಕೊಂಡು ಎಲ್ಲರೂ ಆಸ್ಪತ್ರೆಗೆ ಓಡಿದರು. ಆಸ್ಪತ್ರೆಯಲ್ಲಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಪೊಲೀಸರು ಬಂದರು, ಪೆಟ್ಟಿಗೆ ನೋಡಿದರು, ಅಪ್ಪನನ್ನು ಕೇಳಿದರು, ಮೂಲೆಯಕ್ಕನನ್ನೂ ಕೇಳಿದರು. ಆಕಸ್ಮಿಕ ಎಂದು ಬರೆದುಕೊಂಡು ಹೋದರು. ಆ ಮನೆಯವರು ಇವಳ ಮೇಲೆ ಒಂದು ಮಾತೂ ಆಡಲಿಲ್ಲ. ಅವರವರ ಪಾಲಿನದನ್ನು ಅವರವರೇ ಹೊತ್ತುಕೊಂಡಿದ್ದರು. ತೂತು ಬೇಡವೆಂದವಳು ತಾಯಿ, ಚಿಲಕ ಹಾಕಿದವನು ತಂದೆ, ಅದರ ಮೇಲೆಯೇ ಕೂತು ಅತ್ತವರು ಅಜ್ಜಿ. ಅಜ್ಜಿ ಆಮೇಲೆ ನೆಲದ ಮೇಲಷ್ಟೇ ಕೂರತೊಡಗಿದರು, ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ. ಕೊನೆಗೆ ಅಜ್ಜಿಯ ಮಗಳು ಬಂದು ತನ್ನ ಮನೆಗೆ ಕರೆದುಕೊಂಡು ಹೋದಳು.

ಮೂಲೆಯಕ್ಕ ಅಂಗಡಿಗೆ ಬರುವುದನ್ನು ನಿಲ್ಲಿಸಿದಳು. ಪೇಂಟರ್ ಅವಳಿಗೆ ಹೇಳಬಹುದಾದದ್ದನ್ನೆಲ್ಲ ಹೇಳಿದ: ಚಿಲಕ ನೀನು ಹಾಕಿದ್ದಲ್ಲ, ಅವರು ಕೇಳಿದ್ದನ್ನು ಮಾಡಿಕೊಟ್ಟೆ, ಯಾವ ಬಡಗಿಯಾದರೂ ಹಾಗೇ ಮಾಡುತ್ತಿದ್ದ. ಅವಳು ಕೇಳಿಸಿಕೊಂಡಳು. ಕೆಲವು ವಾರ ಹೀಗೇ ಹೋಯಿತು. ಒಂದು ಬೆಳಗ್ಗೆ ತಾನಾಗಿ ಅಂಗಡಿಗೆ ಬಂದು, ಯಾರದೋ ಮನೆಗೆಂದು ಅರ್ಧ ಮಾಡಿಟ್ಟಿದ್ದ ಪೆಟ್ಟಿಗೆ ಬೆಂಚಿಗೆ ಮುಚ್ಚಳ ಕೂರಿಸಿ ರಬ್ಬರ್ ಪಟ್ಟಿ ಅಂಟಿಸಿದಳು. ಕೆಲಸಕ್ಕೆ ಮನಸ್ಸು ಬಂತಲ್ಲ ಎಂದು ಗಂಡನಿಗೆ ಹಗುರಾಯಿತು. ಅಷ್ಟರಲ್ಲಿ ಅವಳು ಸೀರೆ ಎತ್ತಿ ಕಟ್ಟಿ ಪೆಟ್ಟಿಗೆಯ ಒಳಗೆ ಕಾಲಿಟ್ಟು ಮಲಗಿಕೊಂಡಳು.

"ಮುಚ್ಚಿ," ಎಂದಳು.

"ತಲೆ ಕೆಟ್ಟಿದೆಯಾ ನಿನಗೆ?"

"ಮುಚ್ಚಿ, ಮೇಲೆ ಕೂತ್ಕೊಳ್ಳಿ. ನಾನು ಕೂಗ್ತೀನಿ. ಕೇಳುತ್ತಾ ನೋಡಬೇಕು."

ಅವನು ಒಪ್ಪಲಿಲ್ಲ. ಅವಳು ಏಳಲಿಲ್ಲ. ಕೊನೆಗೆ ಮುಚ್ಚಳ ಇಳಿಸಿ, ಮೆತ್ತೆ ಹಾಕಿ, ಅರೆಮನಸ್ಸಿನಿಂದ ಕೂತ. ಬೀದಿಯಲ್ಲಿ ಗಾಡಿಗಳು ಓಡಾಡುತ್ತಿದ್ದವು. ಬಹಳ ದೂರದ ಯಾವುದೋ ಮನೆಯಲ್ಲಿ ಯಾರೋ ಯಾರನ್ನೋ ಕರೆದ ಹಾಗೆ ಒಂದು ಸಣ್ಣ ದನಿ ಕಿವಿಗೆ ಬಿತ್ತು. ಅದು ತನ್ನ ಹೆಂಡತಿಯ ದನಿ ಎಂದು ಹೊಳೆದ ಕ್ಷಣ ಅವನು ಹಾರಿ ಎದ್ದು ಮುಚ್ಚಳ ಎತ್ತಿದ. ಅವಳ ಮುಖವೆಲ್ಲ ಬೆವರು.

"ನಾನು ಗಂಟಲು ಹರಿಯೋ ಹಾಗೆ ಕೂಗಿದೆ," ಎಂದಳು. ಅವನು ಅಲ್ಲೇ ಮರದ ಹೊಟ್ಟಿನ ಮೇಲೆ ಕುಸಿದು ಕೂತ.

ಆ ದಿನದಿಂದ ಅವಳು ಮನೆ ಮನೆ ತಿರುಗಲು ಶುರು ಮಾಡಿದಳು. ಎಲ್ಲೆಲ್ಲಿ ಎಂಥ ಮೂಲೆಗೆ ಏನೇನು ಮಾಡಿಕೊಟ್ಟಿದ್ದಳೋ ಎಲ್ಲ ಅವಳ ತಲೆಯಲ್ಲಿತ್ತು. ಜನರ ಮುಖ ಮರೆತರೂ ಗೋಡೆಯ ಸೊಟ್ಟ ಮರೆತಿರಲಿಲ್ಲ. ಮುಚ್ಚಳವಿರುವ ಪೆಟ್ಟಿಗೆಗಳಿಗೆಲ್ಲ ತೂತು ಕೊರೆಯುವುದು, ಚಿಲಕವಿದ್ದರೆ ಕಿತ್ತುಹಾಕುವುದು, ಎಷ್ಟು ಒತ್ತಿ ಮುಚ್ಚಿದರೂ ಬೆರಳಗಲ ಸಂದು ಉಳಿಯುವಂತೆ ಮುಚ್ಚಳದ ಅಂಚಿಗೆ ಮರದ ತುಂಡು ಹೊಡೆಯುವುದು, ಇಷ್ಟೇ ಕೆಲಸ. ತೂತನ್ನೂ ಒಂದೇ ಕಡೆ ಅಲ್ಲ. ಹಿಂದೆ ಗೋಡೆಗೆ ಒತ್ತಿಕೊಂಡು ಮುಚ್ಚಿಹೋಗಬಹುದು, ಮುಂದೆ ಯಾರಾದರೂ ಚೀಲ ಒರಗಿಸಬಹುದು. ಅದಕ್ಕೆ ಎರಡೂ ಕಡೆ.

ಒಳ್ಳೆಯ ಕೆಲಸವೆಂದು ಎಲ್ಲರೂ ಬಾಗಿಲು ತೆರೆದರೆಂದಲ್ಲ. ಕೆಲವರು ಕಾಫಿ ಕೊಟ್ಟು, ಅಯ್ಯೋ ಪಾಪ ಎಂದು, ಮಾಡಿಸಿಕೊಂಡರು. ಚೆಂದದ ಹಲಗೆಗೆ ತೂತು ಹೊಡೆದು ಅಂದಗೆಡಿಸುತ್ತೀಯ ಎಂದು ಕೆಲವರು ಮುಖ ಸಿಂಡರಿಸಿದರು. ಒಬ್ಬ ಹೆಂಗಸು, ಆ ಸಾವಿನ ಮಾತನ್ನು ನನ್ನ ಮನೆಯೊಳಗೆ ತರಬೇಡ ಎಂದು ಹೊಸಿಲಲ್ಲೇ ತಡೆದಳು. ನಮ್ಮ ಮನೆಯಲ್ಲಿ ಮಕ್ಕಳೇ ಇಲ್ಲವಲ್ಲ ಎಂದವರಿಗೆ, ಮಕ್ಕಳು ಬೇರೆಯವರ ಮನೆಗೂ ಬರುತ್ತವೆ ಎಂದು ಅವಳು ತಣ್ಣಗೆ ಹೇಳುತ್ತಿದ್ದಳು. ಇನ್ನೂ ಕೆಲವು ಮನೆಗಳಲ್ಲಿ ಹಳಬರು ಹೋಗಿ ಹೊಸಬರು ಬಂದಿದ್ದರು, ಇವಳು ಯಾರೆಂದೇ ಗೊತ್ತಿರಲಿಲ್ಲ. ಅವರಿಗೆ ಮೊದಲಿನಿಂದ ಎಲ್ಲ ಹೇಳಬೇಕಾಗುತ್ತಿತ್ತು. ಹೇಳುವಾಗ ಮಗುವನ್ನು ಎತ್ತಿದವಳು ತಾನೇ ಎಂದು ಮಾತ್ರ ಹೇಳುತ್ತಿರಲಿಲ್ಲ. ಪೇಂಟರ್ ಬಣ್ಣದ ಡಬ್ಬಿ ಹಿಡಿದು ಹಿಂದೆ ಹಿಂದೆ ಹೋಗುತ್ತಿದ್ದ, ಕೊರೆದ ತೂತುಗಳ ಅಂಚಿಗೆ ಪಾಲಿಶ್ ಹಚ್ಚಿ ಕಣ್ಣಿಗೆ ಹೊಡೆಯದಂತೆ ಮಾಡುತ್ತಿದ್ದ. ಇಬ್ಬರೂ ದಾರಿಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ.

ಹೊಲಿಗೆಯವಳ ಮನೆಗೆ ಮಾತ್ರ ಹೋಗುವ ಧೈರ್ಯವಾಗಲಿಲ್ಲ. ಅಲ್ಲಿಂದಲೇ ಕರೆ ಬಂತು. ಬೆಂಚನ್ನು ತೆಗೆದುಕೊಂಡು ಹೋಗಬೇಕು ಎಂದು.

ಹೋದಾಗ ಮನೆಯಲ್ಲಿ ತಾಯಿ ಒಬ್ಬಳೇ ಇದ್ದಳು. ಗಂಡ ಅದನ್ನು ಕೊಡಲಿಯಿಂದ ಒಡೆಯಲು ಹೊರಟಿದ್ದನಂತೆ, ಇವಳೇ ತಡೆದಿದ್ದಳು. ಮೆಟ್ಟಿಲು ಹತ್ತಿ ಇಳಿಯುವಾಗೆಲ್ಲ ಅದರ ಕಡೆ ನೋಡಬಾರದೆಂದು ಗೋಡೆ ಹಿಡಿದುಕೊಂಡು ನಡೆಯುತ್ತಿದ್ದೆ, ಈಗ ಗೋಡೆಯ ಬಣ್ಣವೇ ಹೋಗಿದೆ ಎಂದು ತೋರಿಸಿದಳು. ಮೂಲೆಯಕ್ಕ ಮೊದಲು ಮೆತ್ತೆ ತೆಗೆದಳು. ಆಮೇಲೆ ಮುಚ್ಚಳದ ಕೀಲು ಬಿಚ್ಚಿದಳು. ಹಲಗೆಗಳನ್ನು ಒಂದೊಂದಾಗಿ ಸಡಿಲಿಸಿ ಗೋಡೆಗೆ ಒರಗಿಸಿದಳು. ಮುಚ್ಚಳದ ಒಳಬದಿಯನ್ನು ತನ್ನ ಕಡೆಗೇ ತಿರುಗಿಸಿಕೊಂಡು ಹಿಡಿದಿದ್ದಳು. ಅಲ್ಲಿ ಪಾಲಿಶಿನ ಮೇಲೆ ಗೀರುಗಳಿದ್ದವು.

ತಾಯಿ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಆಮೇಲೆ ಕೇಳಿದಳು:

"ಅಕ್ಕ, ಒಳಗೆ ಪೂರ್ತಿ ಕತ್ತಲೆನಾ? ಅವಳಿಗೆ ಕತ್ತಲೆ ಅಂದ್ರೆ ಆಗ್ತಿರಲಿಲ್ಲ."

"ಡಾಕ್ಟರ್ ಹೇಳಿದ್ರಲ್ಲ, ಬೇಗ ನಿದ್ದೆ ಬಂದ ಹಾಗೆ ಆಗಿರುತ್ತೆ ಅಂತ."

"ಅದನ್ನ ಎಲ್ಲರೂ ಹೇಳ್ತಾರೆ. ಪೆಟ್ಟಿಗೆ ಮಾಡಿದವರು ನೀವು. ನೀವು ಹೇಳಿ."

ಮೂಲೆಯಕ್ಕ ಕೈಯಲ್ಲಿದ್ದ ತಿರುಪನ್ನು ಕೆಳಗಿಟ್ಟಳು. ಸುಳ್ಳು ಹೇಳುವುದು ಸುಲಭವಿತ್ತು, ಅದು ನಾಲಗೆಯ ತುದಿಗೂ ಬಂದಿತ್ತು.

"ಕತ್ತಲೆ," ಎಂದಳು. "ನಾನೂ ಅಂಥದ್ದರೊಳಗೆ ಮಲಗಿ ನೋಡಿದೆ. ಬೆಳಕು ಬರಲ್ಲ. ಕೂಗಿದ್ರೂ ಹೊರಗೆ ಕೇಳೋದೇ ಕಷ್ಟ. ನಿಮಗೆ ಕೇಳಿಸದೆ ಇದ್ದದ್ದು ನಿಮ್ಮ ತಪ್ಪಲ್ಲ, ಅಜ್ಜಿದೂ ಅಲ್ಲ. ಆ ರಬ್ಬರ್ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ."

ತಾಯಿ ಮುಖ ಮುಚ್ಚಿಕೊಳ್ಳಲಿಲ್ಲ. "ಯಂತ್ರ ಓಡ್ತಿತ್ತು, ಅದಕ್ಕೇ ಕೇಳಿಸಲಿಲ್ಲ ಅಂದ್ಕೊಂಡಿದ್ದೆ," ಎಂದಳು.

"ಯಂತ್ರ ನಿಲ್ಲಿಸಿದ್ರೂ ಕೇಳ್ತಿರಲಿಲ್ಲ."

ಆಮೇಲೆ ಅವಳು ಅತ್ತಳು. ಆಸ್ಪತ್ರೆಯಲ್ಲೂ ಹಾಗೆ ಅತ್ತಿರಲಿಲ್ಲ. ಮೂಲೆಯಕ್ಕ ಅವಳ ಪಕ್ಕದಲ್ಲಿ, ಅದೇ ಮೆಟ್ಟಿಲ ಮೇಲೆ ಕೂತಳು. ಮುಟ್ಟಬೇಕೋ ಬೇಡವೋ ಗೊತ್ತಾಗದೆ ಎರಡೂ ಕೈಗಳನ್ನು ತನ್ನ ಮಡಿಲಲ್ಲೇ ಇಟ್ಟುಕೊಂಡಿದ್ದಳು.

ವರ್ಷದೊಳಗೆ ಗಂಡ ಹೆಂಡತಿ ಆ ಮನೆ ಬಿಟ್ಟು ಬೇರೆ ಕಡೆಗೆ ಹೋದರು. ಮೂಲೆಯಕ್ಕ ಮತ್ತೆ ಕೆಲಸ ಹಿಡಿದಳು, ಆದರೆ ಮುಚ್ಚಳದ ಪೆಟ್ಟಿಗೆಯನ್ನು ಮತ್ತೆಂದೂ ಮಾಡಲಿಲ್ಲ. ಡ್ರಾಯರ್ ಆದರೆ ಮಾಡುವೆ, ತೆರೆದ ಹಲಗೆಯಾದರೆ ಮಾಡುವೆ, ಇಲ್ಲವೆಂದರೆ ಮುಂದಿನ ಅಂಗಡಿ ನೋಡಿ ಎನ್ನುತ್ತಿದ್ದಳು. ಗಿರಾಕಿಗಳು ಕಡಿಮೆಯಾದರು. ಮೂಲೆಯ ಕೆಲಸವೆಂದರೆ ಮೊದಲು ಅವಳ ಹೆಸರು ಹೇಳುತ್ತಿದ್ದವರು ಈಗ ಹೊಸ ಅಂಗಡಿಯ ಹೆಸರು ಹೇಳತೊಡಗಿದರು.

ಆ ಹೊಸ ಅಂಗಡಿಯ ಬಡಗಿ ಮಾತಿನ ಮಲ್ಲ. ಒಂದು ದಿನ ಅವಳು ಡ್ರಿಲ್ ಚೀಲ ಹೆಗಲಿಗೆ ಹಾಕಿಕೊಂಡು ಅಲ್ಲಿಗೂ ಹೋದಳು. ಅಂಗಡಿಯಲ್ಲಿ ಗಿರಾಕಿಗೆ ತಲುಪಿಸಲು ಸಿದ್ಧವಾಗಿದ್ದ ಪೆಟ್ಟಿಗೆ ಬೆಂಚುಗಳು ಸಾಲಾಗಿ ನಿಂತಿದ್ದವು, ಒಂದಕ್ಕೂ ತೂತಿರಲಿಲ್ಲ. ಗಿರಾಕಿ ಕಳೆದುಕೊಂಡ ಹೊಟ್ಟೆಕಿಚ್ಚಿಗೆ ನನ್ನ ಮಾಲಿಗೆ ತೂತು ಹೊಡೆಯಲು ಬಂದಿದ್ದೀಯಾ ಎಂದು ಅವನು ಕೆಲಸದವರೆಲ್ಲ ನಗುವಂತೆ ಕೇಳಿದ. ಅವಳು ಸಿಟ್ಟಾಗಲಿಲ್ಲ. ಯಾರಿಗೂ ಹೇಳದಿದ್ದ ಮಾತನ್ನು ಅವನಿಗೆ ಹೇಳಿದಳು: ಮಗುವನ್ನು ಪೆಟ್ಟಿಗೆಯಿಂದ ಎತ್ತಿದ್ದು ಈ ಕೈ, ಮೈ ಇನ್ನೂ ಬೆಚ್ಚಗಿತ್ತು, ಮುಚ್ಚಳದ ಒಳಗೆ ಉಗುರಿನ ಗೀರುಗಳಿದ್ದವು. ನಗು ನಿಂತಿತು. ಬಡಗಿ ತನ್ನ ಮಾಲಿನ ಕಡೆ ಒಮ್ಮೆ ನೋಡಿ, ಅವಳ ಕೈಯಿಂದ ಡ್ರಿಲ್ ಇಸಿದುಕೊಂಡು, ಎಷ್ಟು ದಪ್ಪ ತೂತು ಬೇಕು ಎಂದು ಕೇಳಿದ. ಅವಳು ತನ್ನ ತೋರುಬೆರಳನ್ನು ಹಲಗೆಗೆ ಒತ್ತಿ ತೋರಿಸಿದಳು.